ನೋಟಿಸ್ ಒಂದು, ಅರ್ಥ ನಾಲ್ಕು: ಪೀಣ್ಯದ ಒಂದು ಯೂನಿಟ್ಟಿನ ಎರಡು ಡಿಸೆಂಬರ್

ನಮ್ಮದು ಪೀಣ್ಯ ಎರಡನೇ ಹಂತದ ಚಿಕ್ಕ ಯೂನಿಟ್. ಪ್ಲಾಸ್ಟಿಕ್ ಮೌಲ್ಡಿಂಗ್ ಮಷಿನ್‌ಗಳಿಗೆ ಹೀಟರ್ ಮಾಡುತ್ತೇವೆ. ಮಷಿನ್‌ನ ಬ್ಯಾರಲ್ ಸುತ್ತ ಬಳೆ ತೊಡಿಸಿದ ಹಾಗೆ ಕೂರುತ್ತದಲ್ಲ, ಬ್ಯಾಂಡ್ ಹೀಟರ್, ಅದೇ ಮುಖ್ಯ ಮಾಲು. ಒಂದು ಬ್ಯಾಂಡ್ ಸುಟ್ಟರೆ ಆ ಭಾಗದಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮಷಿನ್ ನಿಲ್ಲಿಸಲೇಬೇಕು. ನಾನು ಇಲ್ಲಿ ಆರ್ಡರ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಗ್ರಾಹಕರ ಫೋನು ಬರುವುದು ನನಗೆ, ಬೈಗುಳ ಬರುವುದೂ ನನಗೇ.

ಪ್ರತಿ ವರ್ಷ ಡಿಸೆಂಬರ್ 25ರಿಂದ ಜನವರಿ 1ರವರೆಗೆ ಬಾಗಿಲು ಹಾಕುತ್ತೇವೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಹಾಗಾಗಿ ಇದು ಲೆಕ್ಕಕ್ಕಾಗಿ ಅಲ್ಲ. ನಮ್ಮ ದೊಡ್ಡ ಗ್ರಾಹಕರಲ್ಲಿ ಬಹಳ ಜನ ಆ ವಾರ ಮುಚ್ಚಿರುತ್ತಾರೆ. ನಮಗೂ ಪ್ರೆಸ್, ವೈಂಡಿಂಗ್ ಮಷಿನ್, ಓವನ್ ಎಲ್ಲ ಬಿಚ್ಚಿ ನೋಡಲು ವರ್ಷದಲ್ಲಿ ಸಿಗುವುದು ಆ ಎಂಟು ದಿನ ಮಾತ್ರ. ಇದನ್ನು ಗ್ರಾಹಕರಿಗೆ ತಿಳಿಸುವುದರಲ್ಲಿ ಏನಿದೆ, ನಾಲ್ಕು ಸಾಲಿನ ನೋಟಿಸ್ ಅಲ್ವಾ ಅಂದುಕೊಂಡಿದ್ದೆವು. 2024ರ ಡಿಸೆಂಬರ್‌ನಲ್ಲಿ ಆ ನಾಲ್ಕು ಸಾಲು ನಮ್ಮನ್ನು ಚೆನ್ನಾಗಿಯೇ ಆಟ ಆಡಿಸಿತು. 2025ರಲ್ಲಿ ಅದನ್ನು ಬಿಡಿಸಿ ಮತ್ತೆ ಬರೆದೆವು. ಈ ಬರಹ ಆ ಎರಡು ನೋಟಿಸ್‌ಗಳ ಕಥೆ.

2024ರ ನೋಟಿಸ್

ಡಿಸೆಂಬರ್ 18ರ ಬುಧವಾರ ಇದನ್ನು ಕಳಿಸಿದೆ:

> ಆತ್ಮೀಯ ಗ್ರಾಹಕರೇ, ವರ್ಷಾಂತ್ಯದ ರಜೆಯ ನಿಮಿತ್ತ ನಮ್ಮ ಸಂಸ್ಥೆಯು 25-12-2024ರಿಂದ 01-01-2025ರವರೆಗೆ ಮುಚ್ಚಿರುತ್ತದೆ. ಕೊನೆಯ ಡಿಸ್ಪ್ಯಾಚ್ ದಿನಾಂಕ 24-12-2024. ತುರ್ತು ಸಂದರ್ಭದಲ್ಲಿ ಸಂಪರ್ಕಿಸಿ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು. ಹೊಸ ವರ್ಷದ ಶುಭಾಶಯಗಳು.

ಕೆಳಗೆ ನಮ್ಮ ಯಜಮಾನರ ಮೊಬೈಲ್ ನಂಬರ್ ಇತ್ತು. ಸುತ್ತ ಕ್ರಿಸ್‌ಮಸ್ ಮರ, ಪಟಾಕಿಯ ಚಿತ್ರ. ಇಡೀ ನೋಟಿಸ್ ಒಂದು ಚಿತ್ರವಾಗಿತ್ತು. ಅಂದರೆ ನಂಬರ್ ಒತ್ತಿದರೆ ಕಾಲ್ ಹೋಗುತ್ತಿರಲಿಲ್ಲ, ದಿನಾಂಕವನ್ನು ಮುಂದೊಂದು ದಿನ ವಾಟ್ಸಾಪ್‌ನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ. ನೋಡಲು ಚೆಂದವಿತ್ತು, ಅಷ್ಟೇ.

ಮೊದಲ ಫೋನ್ ಬಂದದ್ದು 23ರ ಸಂಜೆ, ಹುಬ್ಬಳ್ಳಿಯಿಂದ. ಗೋಕುಲ ರಸ್ತೆಯ ಒಂದು ಮೌಲ್ಡಿಂಗ್ ಘಟಕದವರು. ಆರು ಹೀಟರ್ ಬೇಕು, ಸೈಜ್ ಅವರದೇ, ನಮ್ಮ ರೆಡಿ ಸ್ಟಾಕ್‌ನಲ್ಲಿ ಇಲ್ಲದ್ದು. ಮಾಡಲು ಕಮ್ಮಿ ಅಂದರೂ ನಾಲ್ಕು ದಿನ ಬೇಕು. ಆಗಲ್ಲ ಸರ್ ಅಂದೆ. 'ಏನ್ರೀ ಇದು, ನಾಳೆ ಕೊನೇ ಡಿಸ್ಪ್ಯಾಚ್ ಅಂತ ನೀವ ಬರದೀರಲ್ರೀ. ನಾ ಇವತ್ತ ಆರ್ಡರ್ ಹಾಕೀನಿ' ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆರ್ಡರ್ ಕೊಡಲು ಕೊನೆ ದಿನ ಯಾವುದು ಅಂತ ನಾವು ಹೇಳಿರಲೇ ಇಲ್ಲ. ಹೇಳದಿದ್ದರೆ ಓದುವವರು ಇದ್ದ ದಿನಾಂಕವನ್ನೇ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಇನ್ನೊಂದು ಮಾತಿದೆ, ಇದು ನನಗೆ ಆಮೇಲೆ ಲೆಕ್ಕ ಹಾಕುವಾಗ ಗೊತ್ತಾಯಿತು. ನೋಟಿಸ್ ಕಳಿಸಿದ್ದು ಮುಚ್ಚುವುದಕ್ಕೆ ಏಳು ದಿನ ಮೊದಲು. ಸಾಕಷ್ಟು ಮೊದಲೇ ಹೇಳಿದ್ದೇವೆ ಅನ್ನಿಸುತ್ತದೆ. ಆದರೆ ಡ್ರಾಯಿಂಗ್ ನೋಡಿ ಮಾಡುವ ಹೀಟರ್‌ಗೆ ಆ ಹೊತ್ತಿಗಾಗಲೇ ಲೈನ್ ಭರ್ತಿಯಾಗಿತ್ತು. 18ರಂದು ನೋಟಿಸ್ ಓದಿ ಆ ಕ್ಷಣವೇ ಆರ್ಡರ್ ಹಾಕಿದ್ದರೂ ಹುಬ್ಬಳ್ಳಿಯವರಿಗೆ ಮಾಲು ಹೋಗುತ್ತಿರಲಿಲ್ಲ. ಬಸ್ ಹೋದ ಮೇಲೆ ಬಸ್ಸಿನ ಟೈಮ್ ಹೇಳಿದ ಹಾಗಾಯಿತು.

ಎರಡನೆಯದು ಹೊಸೂರಿನದು. ಇದು ದುಡ್ಡು ಹೋದ ಕಥೆ. ಸುಮಾರು 68,000 ರೂಪಾಯಿಯ ಮಾಲು. 24ರ ಸಂಜೆ ಇನ್‌ವಾಯ್ಸ್ ಮಾಡಿ, ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ, ಅಂದರೆ ಇ-ವೇ ಬಿಲ್ ತೆಗೆದು, ಬೇರೆಯವರ ಮಾಲಿನ ಜೊತೆ ಒಂದೇ ಲಾರಿಯಲ್ಲಿ ಹೋಗುವ ಪಾರ್ಟ್ ಲೋಡ್‌ನಲ್ಲಿ ಕಳಿಸಿದೆವು. ಕೊನೆಯ ಡಿಸ್ಪ್ಯಾಚ್ ಅಂತ ನಾವೇ ಹೇಳಿದ ದಿನ, ಮಾತು ಉಳಿಸಿಕೊಂಡೆವು ಅಂತ ಖುಷಿ. 25 ಕ್ರಿಸ್‌ಮಸ್, ಡೆಲಿವರಿ ಇಲ್ಲ. 26ಕ್ಕೆ ಗಾಡಿ ಅವರ ಗೇಟಿಗೆ ಹೋದರೆ ಸೆಕ್ಯುರಿಟಿಯವರು ಒಳಗೇ ಬಿಡಲಿಲ್ಲ. ಅಲ್ಲಿ ಸ್ಟಾಕ್ ಎಣಿಕೆ ನಡೆಯುತ್ತಿತ್ತು, ಗೂಡ್ಸ್ ಇನ್‌ವರ್ಡ್ 23ಕ್ಕೇ ನಿಲ್ಲಿಸಿದ್ದರು. ಎಣಿಸುತ್ತಿರುವಾಗ ಹೊಸ ಮಾಲು ಒಳಗೆ ಬಂದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ದೊಡ್ಡ ಕಂಪನಿಗಳು ಆ ವಾರ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಅಷ್ಟೇ ಆಗಿದ್ದರೆ ಸರಿ ಹೋಗುತ್ತಿತ್ತು. ಇ-ವೇ ಬಿಲ್ ಕಥೆ ಬೇರೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. 24ರಂದು ತೆಗೆದರೆ ಮೊದಲ ದಿನ ಮುಗಿಯುವುದು 25 ಮುಗಿಯುವ ನಡುರಾತ್ರಿಗೆ. ಹೊಸೂರು ಹತ್ತಿರದ ಊರು, ಹಾಗಾಗಿ ಸಿಕ್ಕಿದ್ದು ಅದೊಂದೇ ದಿನ. ಅವಧಿ ವಿಸ್ತರಿಸಬಹುದು, ಆದರೆ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಮಾತ್ರ. ಅಂದರೆ 25ರ ಸಂಜೆ 4ರಿಂದ 26ರ ಬೆಳಿಗ್ಗೆ 8ರ ಒಳಗೆ. ಹಬ್ಬದ ಸಂಜೆ ಅದನ್ನು ಯಾರು ನೋಡುತ್ತಾರೆ? ಟ್ರಾನ್ಸ್‌ಪೋರ್ಟ್‌ನವರೂ ನೋಡಲಿಲ್ಲ, ನಾವಂತೂ ಬೀಗ ಹಾಕಿದ್ದೆವು. ಮಾಲು ಹೊಸೂರಿನ ಟ್ರಾನ್ಸ್‌ಪೋರ್ಟ್ ಗೋಡೌನ್‌ನಲ್ಲೇ ಜನವರಿ 2ರವರೆಗೆ ಬಿದ್ದಿತ್ತು. ಗೋಡೌನ್ ಬಾಡಿಗೆ, ಎರಡನೇ ಸಲದ ಡೆಲಿವರಿ, ಹೊಸ ಇ-ವೇ ಬಿಲ್, ಎಲ್ಲ ನಮ್ಮ ತಲೆಗೇ ಬಂತು.

ಮೂರನೆಯದು ಸ್ವಲ್ಪ ನಗು ಬರುವಂಥದ್ದು, ಈಗ. ಜನವರಿ 1ರ ಬೆಳಿಗ್ಗೆ ಬೊಮ್ಮಸಂದ್ರದ ಒಬ್ಬ ಗ್ರಾಹಕರು ಟೆಂಪೊ ತೆಗೆದುಕೊಂಡು ಪೀಣ್ಯಕ್ಕೆ ಬಂದುಬಿಟ್ಟರು. ಊರಿನ ಈ ತುದಿಯಿಂದ ಆ ತುದಿಗೆ. '1ರವರೆಗೆ ಮುಚ್ಚಿರುತ್ತದೆ ಅಂದರೆ 1ಕ್ಕೆ ತೆಗೀತೀರಿ ಅಂತ ತಾನೇ?' ಅಂತ ಅವರ ಪ್ರಶ್ನೆ. 'ವರೆಗೆ' ಅನ್ನುವ ಪದ ಆ ದಿನವನ್ನು ಸೇರಿಸಿಕೊಳ್ಳುತ್ತದೋ ಇಲ್ಲವೋ? ಕೇಳಿ ನೋಡಿ, ಹತ್ತು ಜನರಲ್ಲಿ ಮೂವರು ಬೇರೆ ಉತ್ತರ ಹೇಳುತ್ತಾರೆ. ಬರುವ ಮುಂಚೆ ಅವರು ಗೂಗಲ್ ಮ್ಯಾಪ್ ಕೂಡ ನೋಡಿದ್ದರಂತೆ. ಅಲ್ಲಿ 'ತೆರೆದಿದೆ' ಅಂತಲೇ ಇತ್ತು. ರಜೆ ದಿನಗಳ ಸಮಯವನ್ನು ನಾವು ಅಲ್ಲಿ ಬದಲಿಸಿರಲಿಲ್ಲ.

ನಾಲ್ಕನೆಯದಕ್ಕೆ ನಗು ಬರುವುದಿಲ್ಲ. ಡಿಸೆಂಬರ್ 28ರ ಶನಿವಾರ ರಾತ್ರಿ ದಾಬಸ್‌ಪೇಟೆಯ ಒಂದು ಘಟಕದಲ್ಲಿ ಹೀಟರ್ ಸುಟ್ಟಿತು. ಔಷಧಿ ಬಾಟಲಿ ಮುಚ್ಚಳ ಮಾಡುವವರು, ಅವರಿಗೆ ರಜೆ ಇಲ್ಲ. ನೋಟಿಸ್‌ನಲ್ಲಿದ್ದ ನಂಬರ್‌ಗೆ ಫೋನ್ ಮಾಡಿದರು. ಯಜಮಾನರು ಕುಟುಂಬದ ಜೊತೆ ಬೆಟ್ಟದ ಕಡೆ ಹೋಗಿದ್ದರು, ಸಿಗ್ನಲ್ ಇಲ್ಲ. ಭಾನುವಾರ ಇಡೀ ದಿನ ಪ್ರಯತ್ನಿಸಿ, ಸೋಮವಾರ ಎಸ್‌ಜೆಪಿ ರೋಡಿನಲ್ಲಿ ಸಿಕ್ಕಿದ ಹೀಟರ್ ತಂದು ಹೇಗೋ ಕೂರಿಸಿದರು. ಅವರಿಗೆ ಬೇಕಿದ್ದ ಸೈಜ್ ನಮ್ಮ ರ‍್ಯಾಕ್‌ನಲ್ಲಿ ನಾಲ್ಕು ಪೀಸ್ ಇತ್ತು. ಬೀಗದ ಆಚೆ. ಯಜಮಾನರು ಇದನ್ನು ಕೇಳಿದ ದಿನ ಮಾತಾಡಲೇ ಇಲ್ಲ.

ಕೊನೆಯಿಂದ ಹಿಂದಕ್ಕೆ ಲೆಕ್ಕ

2025ರ ನವೆಂಬರ್ ಕೊನೆಗೆ ನಾವು ಮೂವರು ಕೂತೆವು. ನಾನು, ಸ್ಟೋರ್ಸ್ ನೋಡುವ ಅಣ್ಣ, ಅಕೌಂಟ್ಸ್ ಮೇಡಂ. ಯಜಮಾನರನ್ನು ಬೇಕಂತಲೇ ಕರೆಯಲಿಲ್ಲ. ಅವರು ಯಾವ ಗ್ರಾಹಕರಿಗೂ ಇಲ್ಲ ಅನ್ನುವವರಲ್ಲ. 'ಅಡ್ಜಸ್ಟ್ ಮಾಡೋಣ ಬಿಡಿ' ಅನ್ನುವುದು ಅವರ ಬಾಯಿಯ ಮಾತು. ಮೊದಲು ಲೆಕ್ಕ ಆಗಲಿ, ಆಮೇಲೆ ತೋರಿಸೋಣ ಅಂತ.

ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಕಿದೆವು. 2025ರಲ್ಲಿ ಡಿಸೆಂಬರ್ 25 ಗುರುವಾರ, ಜನವರಿ 1ರೂ ಗುರುವಾರ. ಹಳೆಯ ಪದ್ಧತಿಯಲ್ಲಾದರೆ ಮೊದಲು ಮುಚ್ಚುವ ದಿನ ಬರೆದು, ಅದರ ಹಿಂದಿನ ದಿನವನ್ನು ಕೊನೆಯ ಡಿಸ್ಪ್ಯಾಚ್ ಅಂತ ಹಾಕುತ್ತಿದ್ದೆವು. ಈ ಸಲ ಸ್ಟೋರ್ಸ್ ಅಣ್ಣ ಒಂದು ಪ್ರಶ್ನೆ ಕೇಳಿದರು: 'ಮಾಲು ಅವರ ಗೇಟ್ ಒಳಗೆ ಯಾವತ್ತು ಹೋಗಬೇಕು?' ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಬಂದೆವು.

ಯಾವ ಗ್ರಾಹಕರಿಗೇ ಆಗಲಿ, 24ರ ಬುಧವಾರದೊಳಗೆ ಮಾಲು ತಲುಪಿರಬೇಕು. ಅದಾದ ಮೇಲೆ ತೊಂದರೆಯಾದರೆ ಕೇಳಲು ನಾವಿರುವುದಿಲ್ಲ. ಬೆಂಗಳೂರಿನೊಳಗೆ ನಮ್ಮದೇ ಟೆಂಪೊ ಅದೇ ದಿನ ತಲುಪಿಸುತ್ತದೆ, ಹಾಗಾಗಿ ಊರೊಳಗಿನವರಿಗೆ 24ರ ಮಧ್ಯಾಹ್ನದವರೆಗೆ ಆಗುತ್ತದೆ. ಹೊಸೂರು, ತುಮಕೂರಿಗೆ ಒಂದು ದಿನ ಬೇಕು, ಅಂದರೆ 23. ಹುಬ್ಬಳ್ಳಿ, ಬೆಳಗಾವಿ, ಕೊಯಮತ್ತೂರಿಗೆ ಪಾರ್ಟ್ ಲೋಡ್‌ನಲ್ಲಿ ಎರಡು ದಿನ, ಅಂದರೆ 22ರ ಸೋಮವಾರ. ಪುಣೆಗೆ ನಮ್ಮ ಅನುಭವದಲ್ಲಿ ಮೂರು ದಿನ. ನಡುವೆ 21 ಭಾನುವಾರ, ಹಾಗಾಗಿ 20ರ ಶನಿವಾರ. ಒಂದೇ ಒಂದು 'ಕೊನೆಯ ಡಿಸ್ಪ್ಯಾಚ್ ದಿನಾಂಕ' ನಮ್ಮ ಕಣ್ಣೆದುರೇ ನಾಲ್ಕಾಯಿತು.

ಹೀಗೆ ಹಿಂದಕ್ಕೆ ಬಂದ ಮೇಲೆ ಉಳಿದದ್ದು ಆರ್ಡರ್ ದಿನ. ರೆಡಿ ಸ್ಟಾಕ್ ಇರುವ ಸೈಜ್‌ಗೆ ಡಿಸ್ಪ್ಯಾಚ್‌ನ ಹಿಂದಿನ ಕೆಲಸದ ದಿನ ಸಂಜೆ 4 ಗಂಟೆ ಸಾಕು. ಡ್ರಾಯಿಂಗ್ ನೋಡಿ ಮಾಡುವ ಹೀಟರ್‌ಗೆ ಸಾಮಾನ್ಯ ದಿನಗಳಲ್ಲಿ ನಾಲ್ಕು ದಿನ. ಆದರೆ ಡಿಸೆಂಬರ್ ಮೂರನೇ ವಾರ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಅದಕ್ಕೆ ಆರು ಕೆಲಸದ ದಿನ ಹಿಡಿದೆವು. ಪುಣೆಯ 20ರಿಂದ ಹಿಂದಕ್ಕೆ ಎಣಿಸಿದರೆ 15ರಿಂದ 20ರವರೆಗೆ ಆರು ದಿನ. ಹಾಗಾಗಿ ಆರ್ಡರ್ ನಮ್ಮ ಕೈಗೆ 13ರ ಶನಿವಾರದೊಳಗೆ ಬರಬೇಕು. ಊರೂರಿಗೆ ಬೇರೆ ಬೇರೆ ಆರ್ಡರ್ ದಿನ ಕೊಟ್ಟರೆ ನಮಗೇ ತಲೆ ಕೆಡುತ್ತದೆ ಅಂತ, ಎಲ್ಲರಿಗೂ 13 ಒಂದೇ ದಿನ ಇಟ್ಟೆವು. ಬೆಂಗಳೂರಿನವರಿಗೆ ಇದರಿಂದ ಸ್ವಲ್ಪ ಅನ್ಯಾಯವೇ. ಆದರೂ ನೆನಪಿನಲ್ಲಿ ಉಳಿಯುತ್ತದೆ.

ಈಗ ನೋಟಿಸ್ ಯಾವತ್ತು ಕಳಿಸಬೇಕು ಅನ್ನುವುದಕ್ಕೆ ತಾನಾಗಿಯೇ ಉತ್ತರ ಸಿಕ್ಕಿತು. ಲೆಕ್ಕ 25ರಿಂದ ಅಲ್ಲ, 13ರಿಂದ. ಗ್ರಾಹಕರು ತಮ್ಮ ಸ್ಟಾಕ್ ನೋಡಿ, ಮೇಲಿನವರ ಒಪ್ಪಿಗೆ ಪಡೆದು, ಪಿಒ, ಅಂದರೆ ಖರೀದಿ ಆದೇಶ ಹಾಕಲು ಹತ್ತು ದಿನ. ಹಾಗಾಗಿ ಡಿಸೆಂಬರ್ 3ರ ಬುಧವಾರ. ಹಿಂದಿನ ವರ್ಷಕ್ಕಿಂತ ಹದಿನೈದು ದಿನ ಮೊದಲು. ಯಜಮಾನರಿಗೆ ತೋರಿಸಿದಾಗ 'ಇಷ್ಟು ಬೇಗ ರಜೆ ರಜೆ ಅಂತ ಹೇಳಿದರೆ ಕೆಲಸ ಮಾಡಲ್ಲ ಅಂದುಕೊಳ್ಳಲ್ವಾ?' ಅಂದರು. ಮೇಡಂ ಸುಮ್ನೆ ಹೊಸೂರಿನ ಗೋಡೌನ್ ಬಾಡಿಗೆಯ ಬಿಲ್ ತೆಗೆದು ಮೇಜಿನ ಮೇಲಿಟ್ಟರು.

ಮತ್ತೆ ತೆರೆಯುವ ದಿನದಲ್ಲೂ ಒಂದು ಗಂಟಿತ್ತು. ಜನವರಿ 2 ಶುಕ್ರವಾರ ಬಾಗಿಲು ತೆಗೆಯುತ್ತೇವೆ, ನಿಜ. ಆದರೆ ಆ ದಿನ ಓವನ್ ಬಿಸಿ ಮಾಡಿ, ಬಿಚ್ಚಿದ ಮಷಿನ್‌ಗಳನ್ನು ಓಡಿಸಿ ನೋಡುವುದರಲ್ಲೇ ಮಧ್ಯಾಹ್ನವಾಗುತ್ತದೆ. ಲಾರಿಗೆ ಮಾಲು ಕೊಡುವುದು 3ರ ಶನಿವಾರ. ಇನ್ನು ಡ್ರಾಯಿಂಗ್ ನೋಡಿ ಮಾಡುವ ಹೊಸ ಆರ್ಡರ್‌ಗೆ ಕೆಲಸ ಶುರುವಾಗುವುದೇ 5ರ ಸೋಮವಾರ. '2ಕ್ಕೆ ತೆರೆಯುತ್ತೇವೆ' ಅಂತ ಮಾತ್ರ ಬರೆದರೆ 2ರ ಬೆಳಿಗ್ಗೆ ಎಲ್ಲರೂ ಎಲ್‌ಆರ್ ನಂಬರ್, ಅಂದರೆ ಲಾರಿ ರಸೀದಿಯ ನಂಬರ್ ಕೇಳುತ್ತಾರೆ. ಅದಕ್ಕೆ ಬಾಗಿಲು ತೆಗೆಯುವ ದಿನ, ಮೊದಲ ಡಿಸ್ಪ್ಯಾಚ್ ದಿನ ಎರಡನ್ನೂ ಬೇರೆ ಬೇರೆ ಬರೆದೆವು. ಹೊಸ ತಯಾರಿಕೆಯ ದಿನವನ್ನು ನೋಟಿಸ್‌ನಲ್ಲಿ ಹಾಕಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದೆ. ದಿನಾಂಕ ಜಾಸ್ತಿಯಾದರೆ ಜನ ಓದುವುದನ್ನೇ ಬಿಡುತ್ತಾರೆ.

2025ರ ನೋಟಿಸ್

ಕೊನೆಗೆ ಹೋದದ್ದು ಇದು. ಚಿತ್ರವಲ್ಲ, ಅಕ್ಷರ. ಮೇಲ್‌ನಲ್ಲೂ ವಾಟ್ಸಾಪ್‌ನಲ್ಲೂ ಇದನ್ನೇ ಕಳಿಸಿದೆವು. ಹೊರ ರಾಜ್ಯದವರಿಗೆ ಇಂಗ್ಲಿಷಿನಲ್ಲಿ. ಮೇಲ್‌ನ ವಿಷಯದ ಸಾಲಿನಲ್ಲೇ 'ಡಿ. 25ರಿಂದ ಜ. 1 ರಜೆ, ಆರ್ಡರ್‌ಗೆ ಕೊನೆ ದಿನ ಡಿ. 13' ಅಂತ ಇತ್ತು. ಮೇಲ್ ತೆಗೆಯದವರಿಗೂ ಅಷ್ಟು ತಿಳಿಯಲಿ ಅಂತ.

> ನಮಸ್ಕಾರ,
>
> ನಮ್ಮ ಯೂನಿಟ್ 2025 ಡಿಸೆಂಬರ್ 25, ಗುರುವಾರದಿಂದ 2026 ಜನವರಿ 1, ಗುರುವಾರ ಸೇರಿ ಎಂಟು ದಿನ ಮುಚ್ಚಿರುತ್ತದೆ.
>
> ಡ್ರಾಯಿಂಗ್ ಪ್ರಕಾರ ಮಾಡಬೇಕಾದ ಹೀಟರ್ ರಜೆಗೆ ಮೊದಲು ಬೇಕಿದ್ದರೆ ಪಿಒ ಡಿಸೆಂಬರ್ 13, ಶನಿವಾರದೊಳಗೆ ನಮಗೆ ತಲುಪಬೇಕು. ರೆಡಿ ಸ್ಟಾಕ್ ಸೈಜ್‌ಗಳಿಗೆ ಡಿಸ್ಪ್ಯಾಚ್‌ನ ಹಿಂದಿನ ಕೆಲಸದ ದಿನ ಸಂಜೆ 4 ಗಂಟೆಯೊಳಗೆ ಹೇಳಿದರೆ ಸಾಕು.
>
> ನಮ್ಮಿಂದ ಮಾಲು ಹೊರಡುವ ಕೊನೆಯ ದಿನ:
> ಪುಣೆ: ಡಿಸೆಂಬರ್ 20, ಶನಿವಾರ
> ಹುಬ್ಬಳ್ಳಿ, ಬೆಳಗಾವಿ, ಕೊಯಮತ್ತೂರು: ಡಿಸೆಂಬರ್ 22, ಸೋಮವಾರ
> ಹೊಸೂರು, ತುಮಕೂರು: ಡಿಸೆಂಬರ್ 23, ಮಂಗಳವಾರ
> ಬೆಂಗಳೂರು: ಡಿಸೆಂಬರ್ 24, ಬುಧವಾರ ಮಧ್ಯಾಹ್ನ 1 ಗಂಟೆ
>
> ನಿಮ್ಮಲ್ಲಿ ಗೂಡ್ಸ್ ಇನ್‌ವರ್ಡ್ ಯಾವ ದಿನ ನಿಲ್ಲುತ್ತದೆ ಎಂದು ದಯವಿಟ್ಟು ತಿಳಿಸಿ. ಅದಕ್ಕೆ ಮೊದಲು ತಲುಪುವ ಹಾಗೆ ಕಳಿಸುತ್ತೇವೆ.
>
> ಆಫೀಸ್ ತೆರೆಯುವುದು: ಜನವರಿ 2, ಶುಕ್ರವಾರ ಬೆಳಿಗ್ಗೆ 9
> ಮೊದಲ ಡಿಸ್ಪ್ಯಾಚ್: ಜನವರಿ 3, ಶನಿವಾರ
>
> ಹೀಟರ್ ಸುಟ್ಟು ಮಷಿನ್ ನಿಂತಿದ್ದರೆ ಮಾತ್ರ ಈ ನಂಬರ್‌ಗೆ ವಾಟ್ಸಾಪ್ ಮಾಡಿ: (ಆಫೀಸ್ ಮೊಬೈಲ್ ನಂಬರ್). ಒಳ ವ್ಯಾಸ, ಅಗಲ, ವ್ಯಾಟ್, ವೋಲ್ಟ್ ಬರೆದು, ಟರ್ಮಿನಲ್‌ನ ಒಂದು ಫೋಟೊ ಕಳಿಸಿ. ಸ್ಟಾಕ್ ಇದೆಯೋ ಇಲ್ಲವೋ ಅಂತ ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಒಂದು ಗಂಟೆಯಲ್ಲಿ ಉತ್ತರ ಕೊಡುತ್ತೇವೆ. ಸ್ಟಾಕ್ ಇದ್ದರೆ ಮರುದಿನ ಬೆಳಿಗ್ಗೆ 10ರಿಂದ 1ರೊಳಗೆ ಪೀಣ್ಯದ ಗೇಟಿನಲ್ಲಿ ಮಾಲು ಕೊಡುತ್ತೇವೆ. ಆ ವಾರ ಹೊಸದಾಗಿ ಮಾಡಿಕೊಡಲು ಆಗುವುದಿಲ್ಲ. ರೇಟ್, ಪೇಮೆಂಟ್, ವಾಪಸ್ ವಿಷಯಗಳಿಗೆ ಜನವರಿ 2ರಿಂದ ಸಿಗುತ್ತೇವೆ.

ಇದರಲ್ಲಿ ಶುಭಾಶಯ ಇಲ್ಲ, ನೋಡಿ. ಯಜಮಾನರು ಕೇಳಿದರು. ಅದನ್ನು 31ಕ್ಕೆ ಬೇರೆಯಾಗಿ ಕಳಿಸೋಣ ಸರ್ ಅಂದೆ, ಪಟಾಕಿ ಚಿತ್ರವನ್ನೂ ಅದಕ್ಕೇ ಇಟ್ಟುಕೊಂಡೆ. ತಿಂಗಳನ್ನು ಅಕ್ಷರದಲ್ಲಿ ಬರೆದು, ವಾರದ ಹೆಸರನ್ನೂ ಸೇರಿಸಿದ್ದಕ್ಕೆ ಕಾರಣ ಇದೆ. ನಮ್ಮ ಒಬ್ಬ ಗ್ರಾಹಕರ ಖರೀದಿ ವಿಭಾಗ ಅಮೆರಿಕದಲ್ಲಿದೆ. 02-01 ಅಂತ ಬರೆದರೆ ಅವರು ಫೆಬ್ರವರಿ 1 ಅಂತ ಓದುತ್ತಾರೆ. ವಾರದ ಹೆಸರು ಇದ್ದರೆ ನಾನು ದಿನಾಂಕ ತಪ್ಪಾಗಿ ಹೊಡೆದಿದ್ದರೂ ಯಾರಾದರೂ ಹಿಡಿಯುತ್ತಾರೆ. ಕರಡಿನಲ್ಲಿ ನಾನು ಒಂದು ಕಡೆ ಹಾಗೆ ತಪ್ಪಿದ್ದೆ, ಸ್ಟೋರ್ಸ್ ಅಣ್ಣ ಹಿಡಿದರು.

ನೋಟಿಸ್ ಒಂದನ್ನೇ ನಂಬಲಿಲ್ಲ. ಜಾಸ್ತಿ ಮಾಲು ತೆಗೆದುಕೊಳ್ಳುವ ಇಪ್ಪತ್ತೆರಡು ಗ್ರಾಹಕರಿಗೆ ಫೋನ್ ಮಾಡಿ ಗೂಡ್ಸ್ ಇನ್‌ವರ್ಡ್ ದಿನ ಕೇಳಿದೆ. ಖರೀದಿ ವಿಭಾಗದವರನ್ನಲ್ಲ, ಅವರ ಸ್ಟೋರ್ಸ್‌ನವರನ್ನು. ಖರೀದಿಯವರಿಗೆ ಗೇಟ್ ಯಾವಾಗ ಮುಚ್ಚುತ್ತದೆ ಅಂತ ಬಹಳ ಸಲ ಗೊತ್ತೇ ಇರುವುದಿಲ್ಲ. ಇಪ್ಪತ್ತೆರಡರಲ್ಲಿ ಏಳು ಜನ 24ಕ್ಕೆ ಮೊದಲೇ ನಿಲ್ಲಿಸುವವರು. ಹೊಸೂರಿನವರು ಈ ಸಲ 20ಕ್ಕೇ ನಿಲ್ಲಿಸುತ್ತಾರಂತೆ. ನಮ್ಮ ನೋಟಿಸ್‌ನ 23 ಅವರಿಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಅವರ ಮಾಲು 18ಕ್ಕೆ ಹೋಯಿತು. ಆ ಏಳು ಜನರ ಹೆಸರು, ದಿನಾಂಕ ಬರೆದು ಪ್ಯಾಕಿಂಗ್ ಮೇಜಿನ ಮೇಲೆ ಅಂಟಿಸಿದೆವು.

ಆಮೇಲೆ 11ರಂದು ಒಂದು ನೆನಪೋಲೆ, ಎರಡೇ ಸಾಲು, 13ರ ಬಗ್ಗೆ ಮಾತ್ರ. 22ರಂದು ಇನ್ನೊಂದು, ತುರ್ತು ನಂಬರ್ ಮತ್ತು ತೆರೆಯುವ ದಿನದ ಬಗ್ಗೆ ಮಾತ್ರ. ಪೂರ್ತಿ ನೋಟಿಸ್‌ನ್ನೇ ಮತ್ತೆ ಮತ್ತೆ ಕಳಿಸಿದರೆ ಮೂರನೇ ಸಲ ಯಾರೂ ಓದುವುದಿಲ್ಲ. 24ರ ಸಂಜೆ ಹೊರಡುವ ಮುಂಚೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ರಜೆಯ ಉತ್ತರ ತಾನಾಗಿ ಹೋಗುವ ಹಾಗೆ ಸೆಟ್ ಮಾಡಿದೆ. ಮೇಲ್‌ನಲ್ಲೂ, ಗೂಗಲ್ ಮ್ಯಾಪ್‌ನಲ್ಲೂ ರಜೆ ದಿನ ಹಾಕಿದೆ.

ತುರ್ತು ಫೋನ್ ಹಿಂದೆ ಏನಿರಬೇಕು

ಜಾಸ್ತಿ ಹೊತ್ತು ಹೋದದ್ದು ಇದರ ಮೇಲೆ. ನಂಬರ್ ಕೊಡುವುದು ಸುಲಭ, ಆ ಫೋನ್ ಎತ್ತಿದವರ ಕೈಯಲ್ಲಿ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ಮೊದಲನೆಯದಾಗಿ ಯಾರ ಸ್ವಂತ ನಂಬರನ್ನೂ ಕೊಡಲಿಲ್ಲ. ಆಫೀಸಿನ ಸಿಮ್ ಇರುವ ಒಂದು ಹಳೆಯ ಫೋನ್. 25ರಿಂದ 28ರವರೆಗೆ ನನ್ನ ಹತ್ತಿರ, 29ರಿಂದ 1ರವರೆಗೆ ಸ್ಟೋರ್ಸ್ ಅಣ್ಣನ ಹತ್ತಿರ. ಫೋನ್ ಜೊತೆಗೆ ಚಾರ್ಜರ್, ಗೋಡೌನ್ ಬೀಗದ ಕೈ, 24ರ ಸಂಜೆ ಎಣಿಸಿದ ರೆಡಿ ಸ್ಟಾಕ್‌ನ ಪಟ್ಟಿ. ಪಟ್ಟಿ ಬಹಳ ಮುಖ್ಯ. ಅದು ಇಲ್ಲದಿದ್ದರೆ ಸ್ಟಾಕ್ ಇದೆಯಾ ಅಂತ ನೋಡಲಿಕ್ಕೇ ಒಂದು ಸಲ ಪೀಣ್ಯಕ್ಕೆ ಹೋಗಿ ಬರಬೇಕು.

ಸೈಜ್, ವ್ಯಾಟ್ ಎಲ್ಲ ಬರೆದು ಕಳಿಸಿ ಅಂತ ನೋಟಿಸ್‌ನಲ್ಲೇ ಕೇಳಿದ್ದಕ್ಕೂ ಕಾರಣವಿದೆ. 'ಹೋದ ಸಲ ಕೊಟ್ಟಿದ್ದೀರಲ್ಲ, ಅದೇ ಕಳಿಸಿ' ಅನ್ನುವವರೇ ಜಾಸ್ತಿ. ಆಫೀಸ್ ಕಂಪ್ಯೂಟರ್ ಮುಂದೆ ಇದ್ದರೆ ಹಳೆಯ ಬಿಲ್ ತೆಗೆದು ನೋಡಬಹುದು. ಮನೆಯಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು? 150 ಮಿಲಿಮೀಟರ್ ಒಳ ವ್ಯಾಸ, 100 ಅಗಲ, 1500 ವ್ಯಾಟ್, 230 ವೋಲ್ಟ್ ಅಂತ ಬಂದರೆ ಪಟ್ಟಿ ನೋಡಿ ಎರಡು ನಿಮಿಷದಲ್ಲಿ ಹೇಳಬಹುದು. ಟರ್ಮಿನಲ್ ಫೋಟೊ ಯಾಕೆ ಅಂದರೆ, ವೈರ್ ಹೊರಬರುವ ಜಾಗ ಬೇರೆಯಾದರೆ ಸೈಜ್ ಸರಿಯಿದ್ದರೂ ಮಷಿನ್‌ನ ಕವರ್ ಮುಚ್ಚುವುದಿಲ್ಲ.

ಮಾಲು ಸಿಕ್ಕಿತು, ಕೈಗೆ ಕೊಟ್ಟು ಕಳಿಸಬಹುದೇ? ಇಲ್ಲ. ಮಾಲು ಹೊರಗೆ ಹೋಗುವ ಮುಂಚೆ ಜಿಎಸ್‌ಟಿ ಇನ್‌ವಾಯ್ಸ್ ಆಗಬೇಕು. ಬಿಳಿ ಚೀಟಿಯಲ್ಲಿ ಬರೆದು ಕೊಟ್ಟು 2ಕ್ಕೆ ಬಿಲ್ ಮಾಡೋಣ ಅಂದರೆ ಮೇಡಂ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಇರುವ ಒಂದು ಲ್ಯಾಪ್‌ಟಾಪ್ ಸಹ ಫೋನ್ ಜೊತೆಗೆ ಪ್ರಯಾಣ ಮಾಡಿತು.

50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಇಲ್ಲಿ ಮೇಡಂ ನಮ್ಮಿಬ್ಬರಿಗೂ ಹೊಳೆಯದ ಒಂದು ವಿಷಯ ಎತ್ತಿದರು. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪೋರ್ಟಲ್‌ಗೆ ಎಲ್ಲ ತೆರಿಗೆದಾರರೂ ಪಾಸ್‌ವರ್ಡ್ ಜೊತೆ ಒಟಿಪಿ ಹಾಕಲೇಬೇಕು. ಆ ಒಟಿಪಿ ಹೋಗುವುದು ಮೇಡಂ ಮೊಬೈಲ್‌ಗೆ. ಅವರು ಆ ವಾರ ಧರ್ಮಸ್ಥಳ, ಅಲ್ಲಿಂದ ತವರು ಮನೆ. ಘಟ್ಟದ ರಸ್ತೆಯಲ್ಲಿದ್ದಾಗ ನಾವು ಗೇಟಿನಲ್ಲಿ ನಿಂತು 'ಮೇಡಂ ಒಟಿಪಿ, ಮೇಡಂ ಒಟಿಪಿ' ಅನ್ನಬೇಕಿತ್ತು. ಪೋರ್ಟಲ್‌ನಲ್ಲಿ ಮುಖ್ಯ ಬಳಕೆದಾರರು ಉಪ ಬಳಕೆದಾರರನ್ನು ಸೇರಿಸಬಹುದು, ಅವರ ಒಟಿಪಿ ಅವರವರ ನಂಬರ್‌ಗೇ ಬರುತ್ತದೆ. ತುರ್ತು ಫೋನಿನ ನಂಬರ್ ಹಾಕಿ ಒಬ್ಬ ಉಪ ಬಳಕೆದಾರನನ್ನು ಮಾಡಿ, 19ರಂದು ಒಂದು ನಿಜವಾದ ಡಿಸ್ಪ್ಯಾಚ್‌ಗೆ ಅದರಿಂದಲೇ ಬಿಲ್ ತೆಗೆದು ನೋಡಿದೆವು.

ಆ ಎಂಟು ದಿನ

ರಜೆಗೆ ಮೊದಲು ಒಂದು ಗಲಾಟೆ ಆಯಿತು. 23ರಂದು ಹುಬ್ಬಳ್ಳಿಯ ಅದೇ ಗ್ರಾಹಕರು ಫೋನ್ ಮಾಡಿ, ಈ ಸಲ ರೆಡಿ ಸ್ಟಾಕ್‌ನ ಎರಡು ಹೀಟರ್ ಕೇಳಿದರು. ನಮ್ಮ ದಿನಾಂಕ 22ಕ್ಕೇ ಮುಗಿದಿತ್ತು. ಯಜಮಾನರು ಪಕ್ಕದಲ್ಲೇ ಇದ್ದರು, 'ಅಡ್ಜಸ್ಟ್ ಮಾಡಿ' ಅಂತ ಕಣ್ಣಲ್ಲೇ ಹೇಳಿದರು. ಲಾರಿಗೆ ಕೊಟ್ಟರೆ ರಜೆಯೊಳಗೆ ಸಿಕ್ಕಿಬೀಳುವುದು ಖಂಡಿತ. ಎರಡೇ ಹೀಟರ್, ಚಿಕ್ಕ ಡಬ್ಬ. ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆಯಲ್ಲಿ ರಾತ್ರಿ ಬಸ್ಸಿಗೆ ಹಾಕಿದೆವು, 24ರ ಬೆಳಿಗ್ಗೆ ಅವರೇ ಬಸ್ ನಿಲ್ದಾಣಕ್ಕೆ ಹೋಗಿ ತಂದುಕೊಂಡರು. ನಿಯಮ ಮುರಿಯಿತು ಅಂತ ಸ್ಟೋರ್ಸ್ ಅಣ್ಣ ಇವತ್ತಿಗೂ ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಾಂಕ ಇಟ್ಟದ್ದು ಲಾರಿಯ ಲೆಕ್ಕಕ್ಕೆ, ಬಸ್ಸಿನದು ಬೇರೆ ಲೆಕ್ಕ.

ತುರ್ತು ಫೋನ್‌ಗೆ ಎಂಟು ದಿನದಲ್ಲಿ ಬಂದದ್ದು ಮೂರೇ ವಿಚಾರ. 26ಕ್ಕೆ ಒಬ್ಬರು ಪೇಮೆಂಟ್ ಬಾಕಿಯ ಸ್ಟೇಟ್‌ಮೆಂಟ್ ಕೇಳಿದರು. 2ಕ್ಕೆ ಕಳಿಸುತ್ತೇನೆ ಅಂದೆ, ಮುಗಿಯಿತು. 27ಕ್ಕೆ ಕೊಯಮತ್ತೂರಿನಿಂದ ಒಂದು ಸೈಜ್ ಬಂತು, ಪಟ್ಟಿಯಲ್ಲಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಇಲ್ಲ ಅಂತ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಅವತ್ತೇ ಬೇರೆ ಕಡೆ ಹುಡುಕಿಕೊಂಡರು.

ಮೂರನೆಯದು ದಾಬಸ್‌ಪೇಟೆ. ಹೌದು, ಅದೇ ಘಟಕ. 29ರ ಸಂಜೆ 5 ಗಂಟೆಗೆ ವಾಟ್ಸಾಪ್ ಬಂತು, ನಾವು ಕೇಳಿದ ಎಲ್ಲ ಅಳತೆ ಸಮೇತ. ಸ್ಟಾಕ್ ಇತ್ತು. ನಾಳೆ ಬೆಳಿಗ್ಗೆ 10ಕ್ಕೆ ಬನ್ನಿ ಅಂತ ಸ್ಟೋರ್ಸ್ ಅಣ್ಣ ಉತ್ತರ ಕೊಟ್ಟರು. ಮರುದಿನ 30, ವೈಕುಂಠ ಏಕಾದಶಿ! ನಾವು ಮೂವರೂ ಕ್ಯಾಲೆಂಡರ್ ಮುಂದೆ ಅಷ್ಟು ಹೊತ್ತು ಕೂತು ಲಾರಿಯ ದಿನ ನೋಡಿದೆವು, ಭಾನುವಾರ ನೋಡಿದೆವು, ಇದನ್ನು ನೋಡಲಿಲ್ಲ. ಅಣ್ಣ ಬೆಳಿಗ್ಗೆ ದೇವಸ್ಥಾನದ ಸಾಲಿನಲ್ಲಿ ನಿಂತು ದರ್ಶನ ಮುಗಿಸಿ, ರಾಜಾಜಿನಗರದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಪೀಣ್ಯ ತಲುಪಿದಾಗ 11 ದಾಟಿತ್ತು. ದಾಬಸ್‌ಪೇಟೆಯ ಹುಡುಗ ಗೇಟಿನ ಎದುರು ಬೈಕ್ ಮೇಲೆ ಕೂತು ಕಾಯುತ್ತಿದ್ದ. ಅಣ್ಣ ಮೊದಲು ಅವನ ಕೈಗೆ ಪ್ರಸಾದದ ಲಾಡು ಕೊಟ್ಟರು, ಆಮೇಲೆ ಹೀಟರ್. ಮಧ್ಯಾಹ್ನ 2 ಗಂಟೆಗೆ ಮಷಿನ್ ಓಡುತ್ತಿರುವ ಒಂದು ವಿಡಿಯೊ ಬಂತು.

2026ರಲ್ಲಿ ಡಿಸೆಂಬರ್ 25 ಶುಕ್ರವಾರ, ಜನವರಿ 1ರೂ ಶುಕ್ರವಾರ. 2ರ ಶನಿವಾರ ಒಂದೇ ದಿನಕ್ಕೆ ಬಾಗಿಲು ತೆಗೆಯುವುದೋ, 4ರ ಸೋಮವಾರಕ್ಕೆ ಹಾಕುವುದೋ ಅಂತ ಈಗಲೇ ಚರ್ಚೆ ಶುರುವಾಗಿದೆ. ಅಣ್ಣ ಈ ಸಲ ಕ್ಯಾಲೆಂಡರ್ ಜೊತೆಗೆ ಪಂಚಾಂಗವನ್ನೂ ತಂದಿಟ್ಟಿದ್ದಾರೆ.